ಸರ್ವರ್ ಮಲಗಿದಾಗ ಓದುವ ಕಾಗದ

ಮೇಲ್ ಸರ್ವರ್ ಮಲಗಿಬಿಟ್ಟರೆ ಏನೇನು ಮಾಡಬೇಕು ಅಂತ ಎಲ್ಲಾದರೂ ಬರೆದಿಟ್ಟಿದ್ದೀರಾ ಅಂತ ಯಾವುದಾದರೂ ಸಣ್ಣ ಕಂಪನಿಯವರನ್ನು ಕೇಳಿ ನೋಡಿ. ‘ಓ, ಬರೆದಿಟ್ಟಿದ್ದೀವಲ್ಲ’ ಅಂತಾರೆ. ಎಲ್ಲಿ ಅಂದರೆ, ‘ಎಲ್ಲರಿಗೂ ಮೇಲ್ ಮಾಡಿದ್ದೀವಿ’ ಅಂತಾರೆ! ಮೇಲ್ ಮಲಗಿದ ದಿನ ಆ ಮೇಲನ್ನು ತೆಗೆದು ಓದೋದು ಹೇಗೆ ಅನ್ನೋದು ಹೊಳೆದೇ ಇರೋದಿಲ್ಲ. ಅದಕ್ಕೇ ನಾನು ಯಾವ ಆಫೀಸಿಗೆ ಹೋದರೂ ಮೊದಲು ಹೇಳೋ ಮಾತು ಇದು: ಕಾಗದದ ಮೇಲೆ ಪ್ರಿಂಟ್ ತೆಗೆದು ಬೀರುವಿನಲ್ಲಿಡಿ, ಇನ್ನೊಂದು ಪ್ರತಿ ಮಾಲೀಕರ ಮನೆಯಲ್ಲಿರಲಿ.

ಆ ಕಾಗದದಲ್ಲಿ ಏನಿರಬೇಕು ಅನ್ನೋದೇ ಸ್ವಾರಸ್ಯ. ನಮ್ಮ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ — ಮೈಸೂರಿನ ಹೆಬ್ಬಾಳ, ಬೆಂಗಳೂರಿನ ಫ್ಲೈಓವರ್ ಹೆಬ್ಬಾಳ ಅಲ್ಲ — ಒಂದು ಬಿಡಿಭಾಗದ ಕಾರ್ಖಾನೆ ಇದೆ. ಇಪ್ಪತ್ತು ಚಿಲ್ಲರೆ ಮೇಲ್‌ಬಾಕ್ಸು, ಅಕೌಂಟ್ಸ್ ಸೆಕ್ಷನ್ನಿನ ಮೂಲೆಯಲ್ಲಿ ಯುಪಿಎಸ್ ಪಕ್ಕದಲ್ಲೇ ಸರ್ವರ್. ಅದರಲ್ಲಿ ಪೋಸ್ಟ್‌ಫಿಕ್ಸು, ಡವ್‌ಕಾಟು, ಎಲ್ಲಾ ಮಾಮೂಲಿ ಸರಂಜಾಮು. ಅಲ್ಲಿನ ಮಾಲೀಕರಿಗೆ ಇದ್ದದ್ದು ಒಂದೇ ಭಯ, ಡಿಸ್ಕ್ ಹೋದರೆ ಏನು ಗತಿ ಅಂತ. ಡೊಮೈನ್ ಅವಧಿ, ಡಿಎನ್‌ಎಸ್ ಲಾಗಿನ್ ಇವೆಲ್ಲ ಅವರ ಲೆಕ್ಕದಲ್ಲಿ ಗುಮಾಸ್ತರ ಕೆಲಸ. ನನಗೆ ಕಾಣೋದು ಸರಿಯಾಗಿ ತಲೆಕೆಳಗು. ಈ ಮೂರರಲ್ಲಿ ಡಿಸ್ಕ್ ಹೋಗೋದೇ ಎಲ್ಲಕ್ಕಿಂತ ಸಣ್ಣ ಆಪತ್ತು.

ಯಾಕೆ ಅಂತೀರಾ? ಡಿಸ್ಕ್ ಹೋಗಿ ಸರ್ವರ್ ಬಾಯಿ ಮುಚ್ಚಿದರೂ ನಿಮಗೆ ಮೇಲ್ ಕಳಿಸಿದವರ ಸರ್ವರ್ ಅದನ್ನು ಎಸೆದುಬಿಡೋದಿಲ್ಲ. ತನ್ನ ಕ್ಯೂನಲ್ಲಿಟ್ಟುಕೊಂಡು ಆಗಾಗ ಬಂದು ಬಾಗಿಲು ತಟ್ಟುತ್ತಾ ಇರುತ್ತೆ. ಕಡೇಪಕ್ಷ ನಾಲ್ಕೈದು ದಿನ ಪ್ರಯತ್ನ ಬಿಡಬೇಡಿ ಅಂತ ಮೇಲ್ ಸಾಗಿಸೋ ನಿಯಮಾವಳಿಯಲ್ಲೇ, ಅಂದರೆ ಆರ್‌ಎಫ್‌ಸಿ 5321ರಲ್ಲಿ, ಬರೆದಿದೆ. ಪೋಸ್ಟ್‌ಫಿಕ್ಸ್ ತಾನಾಗಿ 5 ದಿನ ಕಾಯುತ್ತೆ. ಆದರೆ ಎಲ್ಲರಿಗೂ ಅಷ್ಟು ತಾಳ್ಮೆ ಇಲ್ಲ. ಮೈಕ್ರೋಸಾಫ್ಟಿನ ಎಕ್ಸ್‌ಚೇಂಜ್ ಆನ್‌ಲೈನ್ 24 ಗಂಟೆಗೇ ಕೈಬಿಟ್ಟು ಕಳಿಸಿದವರಿಗೆ ವಾಪಸ್ ಮಾಡುತ್ತೆ. ಕಾರ್ಖಾನೆಗೆ ಆರ್ಡರ್ ಕೊಡೋ ದೊಡ್ಡ ಕಂಪನಿಗಳಲ್ಲಿ ಎಷ್ಟೋ ಅದರಲ್ಲೇ ಇರೋದು. ಹಾಗಾಗಿ ಕಾಗದದಲ್ಲಿ ‘ಒಂದು ದಿನದೊಳಗೆ ಪೋರ್ಟ್ 25 ಎದ್ದಿರಬೇಕು’ ಅಂತ ಬರೆಸಿದೆ. ಹಳೇ ಮೇಲ್ ಎಲ್ಲಾ ವಾಪಸ್ ಬರೋಕೆ ಮೂರು ದಿನ ಹಿಡಿದರೂ ಪರವಾಗಿಲ್ಲ, ಹೊಸದು ಒಳಗೆ ಬರ್ತಾ ಇರಬೇಕು. ಅಷ್ಟೇ ಅಲ್ವಾ?

ಡೊಮೈನ್ ವಿಷಯದಲ್ಲಿ ಇಂಥ ಕರುಣೆ ಇಲ್ಲ ನೋಡಿ. ಅವಧಿ ಮುಗಿದ ಮೇಲೆ ಏನಾಗುತ್ತೆ ಅನ್ನೋದು ರಿಜಿಸ್ಟ್ರಾರ್ ಏನು ಮಾಡಿದ ಅನ್ನೋದರ ಮೇಲಿದೆ. ಹೆಸರನ್ನು ಡಿಎನ್‌ಎಸ್‌ನಿಂದ ಪೂರ್ತಿ ಕಿತ್ತರೆ, ಕೇಳಿದವರಿಗೆ ‘ಅಂಥ ಹೆಸರೇ ಇಲ್ಲ’ ಅಂತ ಉತ್ತರ ಹೋಗುತ್ತೆ. ಹೆಸರೇ ಇಲ್ಲ ಅಂದಮೇಲೆ ಕಳಿಸಿದವರ ಸರ್ವರ್ ಕಾಯೋದಿಲ್ಲ, ಆ ಕ್ಷಣಕ್ಕೇ ಮೇಲನ್ನು ವಾಪಸ್ ಮಾಡುತ್ತೆ. ಹೆಚ್ಚಿನ ರಿಜಿಸ್ಟ್ರಾರುಗಳು ಹೆಸರನ್ನು ಕೀಳೋದಿಲ್ಲ. ‘ಈ ಡೊಮೈನ್ ಅವಧಿ ಮುಗಿದಿದೆ’ ಅನ್ನೋ ಜಾಹೀರಾತಿನ ಪುಟಕ್ಕೆ ತಿರುಗಿಸ್ತಾರೆ. ಆ ಪುಟದ ಯಂತ್ರದಲ್ಲಿ ಪೋರ್ಟ್ 25 ಸುಮ್ಮನಿದ್ದರೆ ನಿಮ್ಮ ಪುಣ್ಯ, ಮೇಲ್ ಕ್ಯೂನಲ್ಲಿ ಕಾಯುತ್ತೆ. ಆದರೆ ಅವರು ‘ಈ ಹೆಸರಿಗೆ ಮೇಲ್ ಬೇಡ’ ಅಂತ ಖಾಲಿ ಎಂಎಕ್ಸ್ ದಾಖಲೆ ಹಾಕಿಟ್ಟಿದ್ದರೆ ಮತ್ತೆ ಅದೇ ಕಥೆ, ತಕ್ಷಣ ವಾಪಸ್.

ಇದರಲ್ಲಿ ನನಗೆ ಬಲು ಮಜವಾಗಿ ಕಂಡದ್ದು ಒಂದಿದೆ. ಆ ಕಾರ್ಖಾನೆಯ ಡೊಮೈನೂ ಒಮ್ಮೆ ಹೀಗೆ ಸತ್ತಿತ್ತು, ಆ ದಿನ ಒಳಗೆ ಯಾರಿಗೂ ಏನೂ ಗೊತ್ತೇ ಆಗಲಿಲ್ಲ! ಸ್ಟೋರ್ಸಿನವರು ಅಕೌಂಟ್ಸಿಗೆ ಮೇಲ್ ಕಳಿಸ್ತಾರೆ, ಠಕ್ ಅಂತ ಬರುತ್ತೆ. ಯಾಕೆಂದರೆ ಔಟ್‌ಲುಕ್‌ನಲ್ಲಿ ಸರ್ವರಿನ ವಿಳಾಸ ಅಂತ ಕೂತಿದ್ದದ್ದು ಒಳಗಿನ ಐಪಿ, ಮತ್ತೆ ತನ್ನದೇ ಡೊಮೈನಿನ ಮೇಲನ್ನು ಪೋಸ್ಟ್‌ಫಿಕ್ಸ್ ಹೊರಗೆ ವಿಚಾರಿಸದೆ ಅಲ್ಲೇ ಪೆಟ್ಟಿಗೆಗೆ ಹಾಕುತ್ತೆ. ಒಳಗೆ ಹಬ್ಬ, ಹೊರಗೆ ಅಮಾವಾಸ್ಯೆ. ‘ಇವತ್ತು ಸ್ಪ್ಯಾಮ್ ಕಡಿಮೆ ಇದೆ ಅಲ್ವಾ’ ಅಂತ ಒಬ್ಬರು ಖುಷಿಪಟ್ಟರಂತೆ. ಗುಟ್ಟು ಬಯಲಾಗಿದ್ದು ಹೊರಗೆ ಕಳಿಸಿದ ಇನ್‌ವಾಯ್ಸ್‌ಗಳು ಲಾಗ್‌ನಲ್ಲಿ ಹೀಗೆ ಸಾಲಾಗಿ ಸಿಕ್ಕಿಕೊಂಡಾಗ:

```
450 4.1.8 Sender address rejected: Domain not found
```

ಕಳಿಸಿದವರ ಹೆಸರೇ ಲೋಕದಲ್ಲಿಲ್ಲ, ನಾನು ಯಾಕೆ ತಗೊಳ್ಳಲಿ ಅಂತ ಆ ಕಡೆಯ ಸರ್ವರ್ ಕೇಳ್ತಾ ಇದೆ. ಕಾಗದದಲ್ಲಿ ಈ ಸಾಲನ್ನು ಹೀಗೇ ಅಚ್ಚು ಹಾಕಿಸಿದ್ದೇವೆ. ಇದು ಕಂಡರೆ ಸರ್ವರ್ ಮುಟ್ಟಬೇಡಿ, ಮೊದಲು ಮೊಬೈಲ್ ಡೇಟಾದಲ್ಲಿ ಡೊಮೈನಿನ `whois` ನೋಡಿ ಅಂತ. ಅಲ್ಲಿ ಮುಗಿಯೋ ದಿನಾಂಕ, ಸ್ಟೇಟಸ್ ಎರಡೂ ಇರುತ್ತೆ.

ಆ ಸ್ಟೇಟಸ್ ಓದೋಕೆ ಬರಬೇಕು. ಡಾಟ್ ಕಾಮ್ ಲೆಕ್ಕ ಹೇಳ್ತೀನಿ. ಅವಧಿ ಮುಗಿದ ಮೇಲೆ ಹೆಚ್ಚೆಂದರೆ 45 ದಿನ ಮಾಮೂಲಿ ದುಡ್ಡಲ್ಲೇ ನವೀಕರಿಸೋಕೆ ಆಗಬಹುದು. ಇದು ರಿಜಿಸ್ಟ್ರಾರಿನ ಮರ್ಜಿ. ಎಷ್ಟೋ ಜನ ಅದಕ್ಕಿಂತ ಮೊದಲೇ ಹೆಸರನ್ನು ಹರಾಜಿಗೆ ಇಡ್ತಾರೆ. ಆಮೇಲೆ `redemptionPeriod` ಅಂತ 30 ದಿನ. ಆಗಲೂ ಹೆಸರು ನಿಮ್ಮದೇ, ಆದರೆ ಬಿಡಿಸಿಕೊಳ್ಳೋಕೆ ದಂಡ ದುಬಾರಿ. ಕೊನೆಗೆ `pendingDelete` ಅಂತ 5 ದಿನ, ಆಗ ಕೈಕಾಲು ಹಿಡಿದರೂ ಆಗೋದಿಲ್ಲ. ಅಲ್ಲಿಂದಾಚೆ ಯಾರು ಬೇಕಾದರೂ ಕೊಳ್ಳಬಹುದು. ಕೊಂಡವನು ತನ್ನ ಎಂಎಕ್ಸ್ ಹಾಕಿಕೊಂಡರೆ ಮಾಲೀಕರ ಹೆಸರಿಗೆ ಬರೋ ಮೇಲೆಲ್ಲ ಅವನ ಮನೆಗೆ. ಬ್ಯಾಂಕಿನದು, ಸಪ್ಲೈಯರಿನದು, ಎಲ್ಲೆಲ್ಲಿ ‘ಪಾಸ್‌ವರ್ಡ್ ಮರೆತೆ’ ಅಂತ ಒತ್ತಬಹುದೋ ಅಲ್ಲಿಂದ ಬರೋದೂ ಸೇರಿ. ಡಿಸ್ಕ್ ಹೋದರೆ ಹಳೇ ಮೇಲ್ ಹೋಗುತ್ತೆ, ಡೊಮೈನ್ ಹೋದರೆ ಮುಂದೆ ಬರೋ ಮೇಲೆಲ್ಲ ಇನ್ನೊಬ್ಬರ ಪಾಲು. ಅದಕ್ಕೇ ಇದನ್ನು ಕಾಗದದ ತಲೆಯಲ್ಲಿ ಇಡಿಸಿದ್ದು.

ದೊಡ್ಡವರೂ ಇದರಲ್ಲಿ ಜಾರಿದ್ದಾರೆ ಅನ್ನಿ. 1999ರ ಕ್ರಿಸ್‌ಮಸ್ ಹಿಂದಿನ ದಿನ ಹಾಟ್‌ಮೇಲ್‌ಗೆ ಎಷ್ಟೋ ಜನಕ್ಕೆ ಒಳಗೆ ಹೋಗೋಕೇ ಆಗಲಿಲ್ಲ. ಆಗೆಲ್ಲ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ಹಾಟ್‌ಮೇಲ್ ನೋಡ್ತಾ ಇದ್ದ ಕಾಲ, ನೆನಪಿದೆಯಲ್ಲ? ಲಾಗಿನ್ ನಡೆಸ್ತಾ ಇದ್ದ `passport.com` ಅನ್ನೋ ಡೊಮೈನನ್ನು ನವೀಕರಿಸೋದು ಮೈಕ್ರೋಸಾಫ್ಟಿಗೆ ಮರೆತುಹೋಗಿತ್ತು. ಮೈಕೆಲ್ ಚೇನಿ ಅನ್ನೋ ಒಬ್ಬ ಲಿನಕ್ಸ್ ಪ್ರೋಗ್ರಾಮರ್ ಕಾರಣ ಪತ್ತೆಮಾಡಿ, ತನ್ನ ಸ್ವಂತ ಕಾರ್ಡಿನಿಂದ 35 ಡಾಲರ್ ಕಟ್ಟಿ ಸರಿಮಾಡಿದ. ನಮ್ಮ ಕಾರ್ಖಾನೆಗೆ ಅಂಥ ಪುಣ್ಯಾತ್ಮ ಸಿಗ್ತಾನೆ ಅಂತ ನಂಬಿ ಕೂರೋಕಾಗುತ್ತಾ?

ಹಾಗಾದರೆ ರಿಜಿಸ್ಟ್ರಾರ್ ಎಚ್ಚರಿಸೋದಿಲ್ವಾ ಅಂತ ಕೇಳ್ತೀರಿ. ಎಚ್ಚರಿಸ್ತಾರೆ. ಡಾಟ್ ಕಾಮ್‌ನಂಥ ಹೆಸರುಗಳಿಗೆ ಸುಮಾರು ತಿಂಗಳ ಮುಂಚೆ ಒಂದು, ವಾರದ ಮುಂಚೆ ಇನ್ನೊಂದು, ಮುಗಿದ ಐದು ದಿನದೊಳಗೆ ಮತ್ತೊಂದು ಕಳಿಸಲೇಬೇಕು ಅಂತ ಐಕ್ಯಾನ್ ನಿಯಮವೇ ಇದೆ. ಕಳಿಸೋದು ಎಲ್ಲಿಗೆ? ಡೊಮೈನ್ ಕೊಂಡಾಗ ಕೊಟ್ಟ ಮೇಲ್ ವಿಳಾಸಕ್ಕೆ. ಈ ಕಾರ್ಖಾನೆಯಲ್ಲಿ ಆ ವಿಳಾಸ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನದು. ಅವನು ಪುಣೆಗೆ ಹೋಗಿ ಯಾವ ಕಾಲವಾಯಿತೋ. ಇನ್ನು ಕಾರ್ಡಿನಿಂದ ತಾನಾಗೇ ಕಟ್ ಆಗುತ್ತೆ ಅಂತ ನಂಬಿದವರದು ಬೇರೆ ಪಾಡು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದು, ಗ್ರಾಹಕರು ಮೊದಲೇ ಇ-ಮ್ಯಾಂಡೇಟ್ ನೋಂದಾಯಿಸದ ಆಟೋ ಡೆಬಿಟ್ ನಡೆಯದಂತಾಯಿತಲ್ಲ, ಹೊರದೇಶದ ಎಷ್ಟೋ ಸೇವೆಗಳಿಗೆ ನಮ್ಮ ಕಾರ್ಡಿನಿಂದ ದುಡ್ಡು ಹೋಗೋದೇ ನಿಂತಿತು. ‘ಆಟೋ ರಿನ್ಯೂ ಆನ್’ ಅಂತ ಪರದೆಯಲ್ಲಿ ಹಸಿರು ಗುಂಡಿ ಇರುತ್ತೆ, ದುಡ್ಡು ಮಾತ್ರ ಹೋಗಿರೋದಿಲ್ಲ. ಹಾಗಾಗಿ ನಾನು ಹೇಳೋದು, ಒಟ್ಟಿಗೇ ಐದು ವರ್ಷಕ್ಕೆ ಕಟ್ಟಿಬಿಡಿ, ಆದರೂ ಪ್ರತಿ ಏಪ್ರಿಲ್‌ನಲ್ಲಿ ಆಡಿಟರು ಲೆಕ್ಕ ಕೇಳೋಕೆ ಬರ್ತಾರಲ್ಲ, ಆಗಲೇ `whois` ದಿನಾಂಕ ನೋಡಿ ಕಾಗದದ ಮೇಲೆ ಪೆನ್ನಿನಲ್ಲಿ ಬರೆಯಿರಿ.

ಇನ್ನು ಡಿಎನ್‌ಎಸ್. ಎಷ್ಟೋ ಜನ ರಿಜಿಸ್ಟ್ರಾರು, ಡಿಎನ್‌ಎಸ್ಸು ಎರಡೂ ಒಂದೇ ಅಂದ್ಕೊಂಡಿರ್ತಾರೆ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಸೈಟು ಯಾರ ಹೆಸರಿಗಿದೆ ಅಂತ ಇರೋ ಪತ್ರ ಬೇರೆ, ಮನೆ ಗೇಟಿಗೆ ಹಾಕಿರೋ ಬೋರ್ಡು ಬೇರೆ ಅಲ್ವಾ? ಬೋರ್ಡು ಬರೆಯೋವನು ಕೈಕೊಟ್ಟರೂ ಪತ್ರ ಕೈಯಲ್ಲಿದ್ದರೆ ಹೊಸ ಬೋರ್ಡು ಹಾಕಿಸಬಹುದು. ಡಿಎನ್‌ಎಸ್ ಲಾಗಿನ್ ಕಳೆದುಹೋದಾಗ ಹಿಡಿಯಬೇಕಾದ ದಾರಿಯೂ ಇದೇ. ರಿಜಿಸ್ಟ್ರಾರ್ ಖಾತೆಗೆ ಹೋಗಿ, ನೇಮ್‌ಸರ್ವರ್ ಬದಲಿಸಿ, ಬೇರೆ ಕಡೆ ಹೊಸದಾಗಿ ದಾಖಲೆಗಳನ್ನು ಕಟ್ಟಿಕೊಳ್ಳೋದು.

ಲಾಗಿನ್ ಕಳೆಯೋದು ಹೇಗೆ ಅಂದರೆ, ಬಹುಪಾಲು ಒಂದೇ ರೀತಿ. ಡಿಎನ್‌ಎಸ್ ಖಾತೆಗೆ ಕೊಟ್ಟಿರೋ ಮೇಲ್ ವಿಳಾಸ `admin@example.com`, ಅಂದರೆ ಅದೇ ಡೊಮೈನಿನದು. ಡಿಸ್ಕ್ ಹೋಗಿ ಹೊಸ ಸರ್ವರನ್ನು ಬೇರೆ ಐಪಿಯಲ್ಲಿ ಎಬ್ಬಿಸ್ತೀರಿ, ಡಿಎನ್‌ಎಸ್ ಬದಲಿಸಬೇಕು. ಹೊಸ ಕಂಪ್ಯೂಟರಿನಿಂದ ಲಾಗಿನ್ ಆದರೆ ‘ಕೋಡ್ ಕಳಿಸಿದ್ದೀವಿ ನೋಡಿ’ ಅನ್ನುತ್ತೆ. ಕೋಡ್ ಹೋಗಿರೋದು ಸತ್ತಿರೋ ಸರ್ವರಿಗೆ! ಮೇಲ್ ಬರಬೇಕಾದರೆ ಡಿಎನ್‌ಎಸ್ ಬೇಕು, ಡಿಎನ್‌ಎಸ್ ಸಿಗಬೇಕಾದರೆ ಮೇಲ್ ಬೇಕು. 2021ರ ಅಕ್ಟೋಬರ್ 4ರಂದು ವಾಟ್ಸಾಪು, ಫೇಸ್‌ಬುಕ್ಕು ಸುಮಾರು ಆರು ಗಂಟೆ ಕಾಣೆಯಾದವಲ್ಲ, ಅಲ್ಲೂ ಸಾವಿರಾರು ಪಾಲು ದೊಡ್ಡದಾಗಿ ಇದೇ ಗಂಟು: ಅವರ ಡಿಎನ್‌ಎಸ್ ಹೊರಲೋಕಕ್ಕೆ ಕಾಣದೆ ಹೋದಾಗ ಅದನ್ನು ಸರಿಮಾಡೋ ಒಳಗಿನ ಸಾಧನಗಳೂ ಕೈಗೆ ಸಿಗದೆ, ಇಂಜಿನಿಯರುಗಳು ಖುದ್ದು ಡೇಟಾ ಸೆಂಟರಿಗೆ ಹೋಗಬೇಕಾಯಿತು.

ಕಾರ್ಖಾನೆಯಲ್ಲಿ ಮಾಡಿದ್ದು ಸರಳ. ರಿಜಿಸ್ಟ್ರಾರ್ ಮತ್ತು ಡಿಎನ್‌ಎಸ್ ಖಾತೆಗಳಿಗೆ ಬೇರೆ ಸೇವೆಯ ಮೇಲ್ ವಿಳಾಸ, ಅದರ ಪಾಸ್‌ವರ್ಡ್ ಮಾಲೀಕರ ಹತ್ತಿರ. ಓಟಿಪಿ ಆ್ಯಪ್ ಇಬ್ಬರ ಫೋನಿನಲ್ಲಿ, ರಿಕವರಿ ಕೋಡ್‌ಗಳು ಲಕೋಟೆಯಲ್ಲಿ. ಡೊಮೈನ್ ದಾಖಲೆಯಲ್ಲಿ ಮಾಲೀಕತ್ವದ ಜಾಗದಲ್ಲಿ ವೆಬ್‌ಸೈಟ್ ಹುಡುಗನ ಹೆಸರು ತೆಗೆಸಿ ಕಂಪನಿ ಹೆಸರು. ಇದಿಲ್ಲದಿದ್ದರೆ ಖಾತೆ ಕಳೆದ ದಿನ ರಿಜಿಸ್ಟ್ರಾರಿಗೆ ಲೆಟರ್‌ಹೆಡ್ಡು, ಜಿಎಸ್‌ಟಿ ಸರ್ಟಿಫಿಕೇಟು ಏನು ತೋರಿಸಿದರೂ ‘ಇದು ನಿಮ್ಮ ಹೆಸರಲ್ಲಿಲ್ಲವಲ್ಲ’ ಅಂತಾರೆ.

ಈಗ ಹೊಸ ಡಿಎನ್‌ಎಸ್‌ನಲ್ಲಿ ಏನೇನು ಬರೆಯಬೇಕು ಅನ್ನೋ ಪ್ರಶ್ನೆ. ದಾಖಲೆಗಳ ಪಟ್ಟಿಯನ್ನು ಡೌನ್‌ಲೋಡ್ ಮಾಡಿ ಕಾಗದದ ಜೊತೆ ಪಿನ್ ಹೊಡೆದಿಟ್ಟಿದ್ದರೆ ನೋಡಿ ಬರೆಯೋದಷ್ಟೇ. ಇಲ್ಲದಿದ್ದರೆ ಹಳೇ ನೇಮ್‌ಸರ್ವರ್ ಇನ್ನೂ ಉತ್ತರ ಕೊಡ್ತಾ ಇರೋವಾಗಲೇ ಒಂದೊಂದಾಗಿ ಕೇಳಿ ಬರೆದುಕೊಳ್ಳಬೇಕು. ಎಂಎಕ್ಸು, ಸರ್ವರಿನ ಐಪಿ, ವೆಬ್‌ಸೈಟಿನ ಐಪಿ, ಎಸ್‌ಪಿಎಫ್, ಡಿಮಾರ್ಕ್ ಇವೆಲ್ಲ ಗೊತ್ತಿರೋ ಹೆಸರಲ್ಲೇ ಸಿಗುತ್ತವೆ. ಕೈಗೆ ಸಿಗದೆ ಆಡಿಸೋದು ಡಿಕಿಮ್ ಒಂದೇ. ಮೇಲ್‌ಗೆ ಹಾಕೋ ಸಹಿಯನ್ನು ಪರೀಕ್ಷಿಸೋ ಆ ಕೀಲಿ ಯಾವುದೋ ಒಂದು ಸೆಲೆಕ್ಟರ್ ಹೆಸರಿನಡಿ ಕೂತಿರುತ್ತೆ, ಆ ಹೆಸರು ಗೊತ್ತಿಲ್ಲದೆ ಕೇಳೋಕೇ ಬರೋದಿಲ್ಲ. ಹುಡುಗ ಏನು ಹೆಸರಿಟ್ಟಿದ್ದನೋ ಯಾರಿಗೆ ಗೊತ್ತು?

ಇದಕ್ಕೊಂದು ಚಂದದ ದಾರಿ ಇದೆ. ಕಂಪನಿಯಿಂದ ಹಿಂದೆ ಮೇಲ್ ಪಡೆದ ಯಾರನ್ನಾದರೂ ಹಿಡಿಯಿರಿ, ಆಡಿಟರೇ ಆಗಲಿ. ಅವರ ಜಿಮೇಲ್‌ನಲ್ಲಿ ಆ ಮೇಲ್ ತೆಗೆದು ‘ಶೋ ಒರಿಜಿನಲ್’ ಒತ್ತಿಸಿ. ತಲೆಬರಹದಲ್ಲಿ ಇಂಥ ಸಾಲು ಕಾಣುತ್ತೆ:

```
DKIM-Signature: v=1; a=rsa-sha256; d=example.com; s=mys2019; ...
```

ಆ `s=` ಮುಂದಿರೋದೇ ಸೆಲೆಕ್ಟರ್. ಇನ್ನು `mys2019._domainkey.example.com` ಅಂತ ಕೇಳಿದರೆ ಕೀಲಿ ಪೂರ್ತಿ ಬರುತ್ತೆ. ಕಂಪನಿಗೆ ಮರೆತುಹೋದ ಹೆಸರು ಆಡಿಟರ ಪೆಟ್ಟಿಗೆಯಲ್ಲಿ ಜೋಪಾನವಾಗಿರೋದು ಎಂಥಾ ಚೆಂದ ಅಲ್ವಾ!

ಎಲ್ಲಾ ಬರೆದ ಮೇಲೂ ನೇಮ್‌ಸರ್ವರನ್ನು ತಕ್ಷಣ ಬದಲಿಸಬಾರದು. ಮೊದಲು ಹೊಸ ನೇಮ್‌ಸರ್ವರನ್ನೇ ನೇರವಾಗಿ ಕೇಳಿ ನೋಡಬೇಕು:

```
dig @ns1.newdns.example example.com MX +short
```

ಉತ್ತರ ಸರಿಯಿದ್ದರೆ ಇನ್ನೊಂದೇ ಒಂದು ವಿಚಾರ, ಡಿಎನ್‌ಎಸ್‌ಸೆಕ್. ರಿಜಿಸ್ಟ್ರಾರ್ ಪುಟದಲ್ಲಿ ಡಿಎಸ್ ದಾಖಲೆ ಅಂತ ಇದ್ದರೆ ಮೊದಲು ಅದನ್ನು ತೆಗೆದು, ಡಾಟ್ ಕಾಮ್ ಆದರೆ ಒಂದು ದಿನ ಬಿಟ್ಟು ಆಮೇಲೆ ನೇಮ್‌ಸರ್ವರ್ ಮುಟ್ಟಬೇಕು. ಹಳೇ ಡಿಎಸ್ ಹಾಗೇ ಇದ್ದರೆ ಹೊಸ ನೇಮ್‌ಸರ್ವರಿನ ಉತ್ತರ ನಕಲಿ ಅಂತ ಅರ್ಧ ಲೋಕ ತಿರಸ್ಕರಿಸುತ್ತೆ. ಇನ್ನರ್ಧಕ್ಕೆ ಎಲ್ಲಾ ಸರಿ ಕಾಣುತ್ತೆ. ‘ನಮಗೆ ಬರ್ತಿದೆಯಲ್ಲ’ ಅನ್ನೋರು, ‘ನಮಗೆ ಬರ್ತಿಲ್ಲವಲ್ಲ’ ಅನ್ನೋರು ಇಬ್ಬರೂ ನಿಜವನ್ನೇ ಹೇಳ್ತಿರೋ ವಿಚಿತ್ರ ಪರಿಸ್ಥಿತಿ. ಬದಲಿಸಿದ ಮೇಲೂ ಡಾಟ್ ಕಾಮ್‌ನ ನೇಮ್‌ಸರ್ವರ್ ಮಾಹಿತಿ ಬೇರೆಯವರ ನೆನಪಿನಲ್ಲಿ ಎರಡು ದಿನದವರೆಗೆ ಉಳಿದಿರಬಹುದು. ಅವಧಿ ಮುಗಿದ ಡೊಮೈನನ್ನು ನವೀಕರಿಸಿದ ಮೇಲೂ ಇದೇ ಎರಡು ದಿನದ ಲೆಕ್ಕ. ದುಡ್ಡು ಕಟ್ಟಿದ ಗಳಿಗೆಯಲ್ಲೇ ಮೇಲ್ ಬರಲಿಲ್ಲ ಅಂತ ಇನ್ನೇನೋ ಬದಲಿಸೋಕೆ ಹೋಗಬಾರದು, ಸುಮ್ಮನಿರಬೇಕು.

ಅಂತೂ ಡಿಸ್ಕಿಗೆ ಬಂದೆವು. ಕಾರ್ಖಾನೆಯಲ್ಲಿ ಎರಡು ಡಿಸ್ಕ್ ಜೋಡಿ ಮಾಡಿ ರೇಡ್ 1 ಹಾಕಿದ್ದರು, ಒಂದು ಹೋದರೆ ಇನ್ನೊಂದಿದೆ ಅಂತ ಧೈರ್ಯ. ಒಂದು ಹೋಗಿಯೇ ಇತ್ತು! `/proc/mdstat` ತೆಗೆದರೆ ಹೀಗೆ:

```
md0 : active raid1 sda1[0]
      976630464 blocks [2/1] [U_]
```

`[UU]` ಇರಬೇಕಾದ ಕಡೆ `[U_]`. ಎರಡರಲ್ಲಿ ಒಂದೇ ಬದುಕಿದೆ ಅಂತ ಅರ್ಥ. ಎಚ್ಚರಿಕೆಯ ಮೇಲ್ ಬಂದಿತ್ತು ಕೂಡ, ಆ ಸರ್ವರಿನ `root` ಪೆಟ್ಟಿಗೆಗೆ. ಅದನ್ನು ತೆರೆದು ನೋಡುವವರು ಯಾರೂ ಇರಲಿಲ್ಲ. ಜೊತೆಗೆ ಎರಡೂ ಡಿಸ್ಕು ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡದ್ದು, ಅವಳಿಜವಳಿ. ಒಂದಕ್ಕೆ ವಯಸ್ಸಾದರೆ ಇನ್ನೊಂದಕ್ಕೂ ಆಗಿರುತ್ತೆ. ಈಗ ಎಚ್ಚರಿಕೆ ಹೊರಗಿನ ವಿಳಾಸಕ್ಕೆ ಹೋಗುತ್ತೆ.

ಇನ್ನು ಬ್ಯಾಕಪ್. ರಾತ್ರಿ ಹೊತ್ತು ಒಂದು ಯುಎಸ್‌ಬಿ ಡಿಸ್ಕಿಗೆ ನಕಲಾಗ್ತಾ ಇತ್ತು. ತೆಗೆದು ನೋಡಿದರೆ, ಯಾರೂ ತೆರೆಯದ ಪೆಟ್ಟಿಗೆಗಳಲ್ಲಿ ಬಿದ್ದಿದ್ದ ಮೇಲ್ ಎಲ್ಲಾ ಇದೆ, ತೆರೆದು ನೋಡಿದ ಪೆಟ್ಟಿಗೆಯ ಮೇಲ್ ಒಂದೂ ಇಲ್ಲ! ಬ್ಯಾಂಕಿನ ಜಾಹೀರಾತು, ಹಬ್ಬದ ಶುಭಾಶಯ ಎಲ್ಲಾ ಭದ್ರ. ಆರ್ಡರು, ಒಪ್ಪಂದ ಯಾವುದೂ ಇಲ್ಲ. ಇಂಥಾ ವಿಚಿತ್ರ ನಾನು ಬೇರೆಲ್ಲೂ ನೋಡಿಲ್ಲ. ಕಾರಣ ಫೈಲಿನ ಹೆಸರಿನಲ್ಲಿತ್ತು:

```
new/1700000000.M123P456.mail
cur/1700000000.M123P456.mail:2,S
```

ಮೇಲ್‌ಡಿರ್‌ನಲ್ಲಿ ಹೊಸ ಮೇಲ್ `new` ಅನ್ನೋ ಕಡೆ ಇರುತ್ತೆ. ಪೆಟ್ಟಿಗೆ ತೆರೆದ ಮೇಲೆ `cur`ಗೆ ಹೋಗಿ, ಹೆಸರಿನ ತುದಿಗೆ `:2,` ಅಂತ ಬಾಲ ಬರುತ್ತೆ, ಓದಿದರೆ ಅದಕ್ಕೊಂದು `S` ಸೇರುತ್ತೆ. ಆ ಯುಎಸ್‌ಬಿ ಡಿಸ್ಕು ಅಂಗಡಿಯಿಂದ ಬಂದಹಾಗೇ ಎಕ್ಸ್‌ಫ್ಯಾಟ್‌ನಲ್ಲಿತ್ತು, ಅದು ಹೆಸರಿನಲ್ಲಿ ಈ ಎರಡು ಚುಕ್ಕೆಯ ಗುರುತನ್ನು ಒಪ್ಪೋದಿಲ್ಲ. ಹಾಗಾಗಿ ಬಾಲ ಇದ್ದ ಪ್ರತಿಯೊಂದು ಫೈಲನ್ನೂ ತಳ್ಳಿಹಾಕ್ತಾ ಬಂದಿದೆ. ಆರ್‌ಸಿಂಕ್ ಪ್ರತಿ ರಾತ್ರಿ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಅಂತ ಬಾಯಿಬಡಿದುಕೊಂಡಿದೆ, ಸ್ಕ್ರಿಪ್ಟ್ ಬರೆದವರು ಆ ಸದ್ದನ್ನು `/dev/null`ಗೆ ಕಳಿಸಿಬಿಟ್ಟಿದ್ದಾರೆ. ಪರಿಹಾರ ಅಂದರೆ ಆ ಡಿಸ್ಕನ್ನು ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡೋದು, ಇಲ್ಲವೇ ಎಲ್ಲಾ ಸೇರಿಸಿ ಒಂದು ಟಾರ್ ಫೈಲ್ ಕಟ್ಟೋದು. ಪರೀಕ್ಷೆ ಅಂದರೆ ಮೂರು ತಿಂಗಳ ಹಿಂದಿನ, ಓದಿ ಉತ್ತರ ಕೊಟ್ಟ ಒಂದು ಮೇಲನ್ನು ಬ್ಯಾಕಪ್ಪಿನಿಂದ ತೆಗೆದು ಓದಿ ತೋರಿಸೋದು. ‘ಬ್ಯಾಕಪ್ ಆಗಿದೆ’ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ, ಈ ಮೇಲ್ ತೋರಿಸಿದರೆ ಒಪ್ತೀನಿ.

ಮೇಲ್ ಜೊತೆಗೆ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಸೆಟ್ಟಿಂಗು, ಬಳಕೆದಾರರ ಪಟ್ಟಿ, ಡಿಕಿಮ್‌ನ ಗುಟ್ಟಿನ ಕೀಲಿ ಇವೂ ಬ್ಯಾಕಪ್‌ನಲ್ಲಿ ಇರಬೇಕು. `dovecot-uidlist` ಅನ್ನೋ ಪುಟ್ಟ ಫೈಲುಗಳನ್ನು ಕಸ ಅಂತ ಬಿಡಬಾರದು. ಅವಿಲ್ಲದಿದ್ದರೆ ಪಾಪ್‌ನಲ್ಲಿ ಮೇಲ್ ಇಳಿಸಿಕೊಳ್ಳೋರಿಗೆ ಹಳೇದೆಲ್ಲ ಹೊಸದು ಅಂತ ಮತ್ತೊಂದು ಸಲ ಇಳಿಯುತ್ತೆ.

ಈಗ ಹೊಸ ಸರ್ವರ್ ಎಬ್ಬಿಸೋ ಹೊತ್ತು, ನಿಜವಾಗಿ ಕೈ ಸುಡೋ ಜಾಗ ಇದೇ. ಸರ್ವರ್ ಪೂರ್ತಿ ಸತ್ತಿದ್ದರೆ ಲೋಕ ಕಾಯುತ್ತೆ ಅಂತ ಹೇಳಿದೆನಲ್ಲ. ಆದರೆ ಆತುರಕ್ಕೆ ಪೋಸ್ಟ್‌ಫಿಕ್ಸ್ ಹಾಕಿ ಪೋರ್ಟ್ 25 ತೆರೆದು, ಬಳಕೆದಾರರ ಪಟ್ಟಿ ಇನ್ನೂ ಹಾಕದೇ ಇದ್ದರೆ? ಬಂದ ಪ್ರತಿ ಮೇಲಿಗೂ ಅದು ‘550, ಇಂಥವರು ಇಲ್ಲಿಲ್ಲ’ ಅಂತ ಹೇಳಿ ಕಳಿಸುತ್ತೆ. ಐನೂರರ ಸಾಲಿನ ಉತ್ತರ ಅಂದರೆ ಶಾಶ್ವತ, ಕಳಿಸಿದವರು ಮತ್ತೆ ಬರೋದಿಲ್ಲ. ನಾನೂರರ ಸಾಲಿನದಾದರೆ ‘ಆಮೇಲೆ ಬನ್ನಿ’ ಅಂತ. ಸತ್ತ ಸರ್ವರಿಗಿಂತ ಅರ್ಧ ಎದ್ದ ಸರ್ವರೇ ಅಪಾಯ! ಹಾಗಾಗಿ ಕಾಗದದಲ್ಲಿ ಪೋಸ್ಟ್‌ಫಿಕ್ಸ್ ಹಾಕಿದ ಕೂಡಲೇ, ಬೇರೇನೂ ಮಾಡೋಕೆ ಮೊದಲು, ಈ ಎರಡು ಸಾಲು:

```
postconf -e 'soft_bounce = yes'
postfix reload
```

ಇದು ಎಲ್ಲಾ 5ರ ಉತ್ತರವನ್ನೂ 4ಕ್ಕೆ ಇಳಿಸಿಬಿಡುತ್ತೆ. ಆಮೇಲೆ ನಿಧಾನಕ್ಕೆ ಬಳಕೆದಾರರನ್ನು ಹಾಕಿ, ಹೊರಗಿನಿಂದ ಒಂದೊಂದು ವಿಳಾಸಕ್ಕೂ ಕಳಿಸಿ ನೋಡಿ. ಕಾದು ಕೂತಿದ್ದ ಮೇಲ್‌ಗಳು ಗಂಟೆ ಒಂದೂವರೆ ಗಂಟೆಯಲ್ಲಿ ಒಂದೊಂದಾಗಿ ಬರೋಕೆ ಶುರುವಾಗುತ್ತೆ. ಪೋಸ್ಟ್‌ಫಿಕ್ಸ್ ಎರಡು ಪ್ರಯತ್ನದ ನಡುವೆ ಹೆಚ್ಚೆಂದರೆ 4000 ಸೆಕೆಂಡು ಬಿಡುತ್ತೆ. ಎಲ್ಲಾ ಸರಿ ಅನ್ನಿಸಿದ ಮೇಲೆ `yes` ಇದ್ದದ್ದನ್ನು `no` ಮಾಡೋದು ಮರೆಯಬಾರದು, ಇಲ್ಲದಿದ್ದರೆ ಸ್ಪ್ಯಾಮ್ ಕಳಿಸೋರೂ ದಿನಗಟ್ಟಲೆ ಬಾಗಿಲು ತಟ್ಟುತ್ತಾರೆ.

ಒಳಗೆ ಬರೋದಾಯಿತು. ಹೊರಗೆ ಹೋಗೋಕೆ ಇನ್ನೊಂದು ತೊಡಕು. ಐಪಿಯಿಂದ ಹೆಸರು ತೋರಿಸೋ ಪಿಟಿಆರ್ ದಾಖಲೆ ನಿಮ್ಮ ಡಿಎನ್‌ಎಸ್‌ನಲ್ಲಿ ಇರೋದೇ ಇಲ್ಲ, ಐಪಿ ಕೊಟ್ಟ ಇಂಟರ್ನೆಟ್ ಕಂಪನಿಯ ಕೈಯಲ್ಲಿರುತ್ತೆ. ಅದು ಸರಿಯಿಲ್ಲದೆ ಜಿಮೇಲ್‌ನಂಥವರು ಮೇಲ್ ತಗೊಳ್ಳೋದಿಲ್ಲ. ಆ ಇಂಟರ್ನೆಟ್ ಕಂಪನಿಗೆ ಅರ್ಜಿ ಹಾಕಿ, ಅವರು ಮಾಡೋ ಹೊತ್ತಿಗೆ ಒಂದೆರಡು ದಿನ ಅಂದುಕೊಳ್ಳಿ. ಅಲ್ಲಿಯವರೆಗೆ ಹೊರಹೋಗೋ ಮೇಲನ್ನು ರಿಲೇ ಸೇವೆಯೊಂದರ ಮೂಲಕ ಕಳಿಸಬೇಕು, ಎಸ್‌ಪಿಎಫ್‌ನಲ್ಲಿ ಅದರ ಹೆಸರನ್ನು ಮುಂಚೆಯೇ ಸೇರಿಸಿಟ್ಟಿರಬೇಕು. ಕಾರ್ಖಾನೆಯ ಕಾಗದದ ಕೊನೇ ಸಾಲಿನಲ್ಲಿ ಆ ರಿಲೇ ಖಾತೆಯ ವಿವರ, ಇಂಟರ್ನೆಟ್ ಕಂಪನಿಯ ಗ್ರಾಹಕ ಸಂಖ್ಯೆ, ಮತ್ತೆ ಅರ್ಜಿ ಯಾರ ಸಹಿಯಲ್ಲಿ ಹೋಗಬೇಕು ಅನ್ನೋದು ಇದೆ. ಸಹಿ ಮಾಲೀಕರದೇ ಆಗಬೇಕಂತೆ, ಅವರೋ ತಿಂಗಳಲ್ಲಿ ಅರ್ಧದಷ್ಟು ದಿನ ಕೊಯಮತ್ತೂರಿನಲ್ಲಿರ್ತಾರೆ. ಮೊನ್ನೆ ಅವರ ಮಗಳನ್ನೂ ಸಹಿ ಹಾಕೋರ ಪಟ್ಟಿಗೆ ಸೇರಿಸಿ ಅರ್ಜಿ ಕೊಟ್ಟಿದ್ದಾರೆ.